ಫೋಟೋ ನೋಡಿಯೇ ಡೂಪ್ಲಿಕೇಟ್ ಮಿಕ್ಸಿ, ಟ್ರಿಮ್ಮರ್ ಹಿಡಿಯುವುದು ಹೇಗೆ?

ಲೋಗೋ ನೋಡಿ ಡೂಪ್ಲಿಕೇಟ್ ಮಾಲು ಹಿಡಿಯುವುದು ಈಗ ಕಷ್ಟ. ಬಣ್ಣ, ಡಬ್ಬಿಯ ಮೇಲಿನ ಚಿತ್ರ, ಹೊಳೆಯುವ ಹೋಲೋಗ್ರಾಮ್ ಎಲ್ಲವೂ ಒರಿಜಿನಲ್ ಥರವೇ ಇರುತ್ತವೆ. ನಕಲು ಮಾಡುವವರು ದುಡ್ಡು ಹಾಕುವುದೇ ಗಿರಾಕಿಯ ಕಣ್ಣು ಮೊದಲು ಬೀಳುವ ಜಾಗಕ್ಕೆ. ಮಿಕ್ಸಿಯ ತಳ, ಮಾಡೆಲ್ ವ್ಯಾಟ್ ವೋಲ್ಟೇಜ್ ಬರೆದಿರುವ ರೇಟಿಂಗ್ ಪ್ಲೇಟ್, ವೈರು, ಪ್ಲಗ್ ಇವನ್ನೆಲ್ಲ ಅಗ್ಗಕ್ಕೆ ಸಿಕ್ಕಲ್ಲಿಂದ ತಂದು ಜೋಡಿಸುತ್ತಾರೆ. ಅದಕ್ಕೇ ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಪ್ಲೇಟ್ ಒಂದು ಹೇಳಿದರೆ ಪ್ಲಗ್ ಇನ್ನೊಂದು ಹೇಳುತ್ತದೆ.

ಆ ತಾಳೆ ನೋಡುವುದನ್ನು ಇಲ್ಲಿ ಹೇಳುತ್ತೇನೆ. ಆನ್‌ಲೈನ್‌ನಲ್ಲಿ ಯಾರೋ ಮಾರಾಟಕ್ಕೆ ಇಟ್ಟ ಮಿಕ್ಸಿ, "ಫಸ್ಟ್ ಕಾಪಿ ಅಲ್ಲ ಸಾರ್, ಒರಿಜಿನಲ್" ಎಂದು ವಾಟ್ಸಾಪ್‌ನಲ್ಲಿ ಬಂದ ಟ್ರಿಮ್ಮರ್, ಇಂಥವುಗಳಿಗೆ ದುಡ್ಡು ಕೊಡುವ ಮೊದಲು ಕೈಯಲ್ಲಿ ಇರುವುದು ಫೋಟೋ ಮಾತ್ರ ಅಲ್ವಾ? ಸರಿಯಾದ ಫೋಟೋ ಕೇಳಿ ಪಡೆದರೆ ಅದರಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಮೊದಲು ಸರಿಯಾದ ಫೋಟೋ ಕೇಳಿ

ಮಾರುವವರು ತಾವಾಗಿ ಕಳಿಸುವ ಫೋಟೋ ಮುಂಭಾಗದ್ದೇ ಆಗಿರುತ್ತದೆ. ಅದರಿಂದ ಉಪಯೋಗ ಕಡಿಮೆ. ನೀವು ನಾಲ್ಕು ಫೋಟೋ ಕೇಳಿ.

ಒಂದು, ರೇಟಿಂಗ್ ಪ್ಲೇಟಿನದ್ದು. ಮಿಕ್ಸಿಯಾದರೆ ಸಾಮಾನ್ಯವಾಗಿ ತಳದಲ್ಲೋ ಹಿಂಬದಿಯಲ್ಲೋ ಇರುತ್ತದೆ. ಟ್ರಿಮ್ಮರ್‌ನಲ್ಲಿ ಹಿಡಿಯ ಹಿಂಭಾಗದಲ್ಲಿ ಅಥವಾ ಚಾರ್ಜಿಂಗ್ ತೂತಿನ ಹತ್ತಿರ ಸಣ್ಣ ಅಕ್ಷರದಲ್ಲಿ ಇರುತ್ತದೆ. ಫ್ಲ್ಯಾಶ್ ಹಾಕದೆ, ಹಗಲು ಬೆಳಕಿನಲ್ಲಿ, ನೇರವಾಗಿ ತೆಗೆಯಲು ಹೇಳಿ. ಫ್ಲ್ಯಾಶ್ ಹಾಕಿದರೆ ಪ್ಲೇಟ್ ಬೆಳ್ಳಗೆ ಹೊಳೆದು ನಡುವಿನ ಅಕ್ಷರಗಳು ಮಾಯವಾಗುತ್ತವೆ.

ಎರಡು, ತಳಭಾಗ ಪೂರ್ತಿ ಕಾಣುವ ಫೋಟೋ. ಸ್ಕ್ರೂ, ಗಾಳಿ ಕಿಂಡಿ, ರಬ್ಬರ್ ಕಾಲು ಎಲ್ಲ ಅದರಲ್ಲಿ ಬರಬೇಕು.

ಮೂರು, ಪಕ್ಕದ ಮೈ. ಇದಕ್ಕೆ ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ತೆಗೆಯಬೇಕು. ಎದುರಿನಿಂದ ಬಿದ್ದ ಬೆಳಕಿನಲ್ಲಿ ಕಾಣದ ಗೆರೆ, ತಗ್ಗು ಎಲ್ಲ ಓರೆ ಬೆಳಕಿನಲ್ಲಿ ನೆರಳು ಬಿದ್ದು ಎದ್ದು ಕಾಣುತ್ತವೆ.

ನಾಲ್ಕು, ಪ್ಲಗ್. ಪಿನ್ನುಗಳು ಕ್ಯಾಮೆರಾ ಕಡೆ ಮುಖ ಮಾಡಿರಬೇಕು. ಪಕ್ಕದಲ್ಲಿ ಒಂದು ಹತ್ತು ರೂಪಾಯಿ ನಾಣ್ಯ ಇಡಲು ಹೇಳಿ. ಅದು ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಈ ನಾಲ್ಕರಲ್ಲಿ ಒಂದರಲ್ಲಾದರೂ ಇವತ್ತಿನ ತಾರೀಖು ಬರೆದ ಚೀಟಿ ಪಕ್ಕದಲ್ಲಿ ಇರಲಿ. ಬೇರೆ ಯಾರದ್ದೋ ಒರಿಜಿನಲ್ ಮಾಲಿನ ಫೋಟೋ ತೋರಿಸಿ ಬೇರೆ ಮಾಲು ಕಳಿಸುವವರಿಗೆ ಅಲ್ಲೇ ತಡೆ ಬೀಳುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಕುಗ್ಗಿ ಸಣ್ಣ ಅಕ್ಷರ ಕಲಸಿಹೋಗುತ್ತದೆ. ಅದಕ್ಕೆ ಗ್ಯಾಲರಿಯಿಂದ ಕಳಿಸುವ ಬದಲು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಗ ಮೂಲ ಫೈಲ್ ಹಾಗೇ ಬರುತ್ತದೆ, ಎಷ್ಟು ದೊಡ್ಡದು ಮಾಡಿದರೂ ಓದಬಹುದು.

ಪ್ಲೇಟಿನ ಫೋಟೋ ಕೊಡಲು ಸತಾಯಿಸುವವರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಒಂದು ಮಿಕ್ಸಿಯನ್ನು ತಲೆಕೆಳಗೆ ಮಾಡಿ ಫೋಟೋ ತೆಗೆಯಲು ಅರ್ಧ ನಿಮಿಷ ಸಾಕು. ಅಷ್ಟೂ ಆಗದು ಎನ್ನುವವರ ಹತ್ತಿರ ವ್ಯಾಪಾರ ಬೇಡ.

ರೇಟಿಂಗ್ ಪ್ಲೇಟ್ ಓದುವುದು

ಪ್ಲೇಟಿನಲ್ಲಿ ಮುಖ್ಯವಾಗಿ ಐದು ಸಂಗತಿ ಹುಡುಕಿ: ಕಂಪನಿಯ ಹೆಸರು, ಮಾಡೆಲ್ ನಂಬರ್, ವೋಲ್ಟೇಜ್, ವ್ಯಾಟ್, ಮತ್ತು ಎರಡು ಚೌಕದ ಗುರುತು. ಈ ಕೊನೆಯದು ಒಂದು ಚೌಕದೊಳಗೆ ಇನ್ನೊಂದು ಚೌಕ. ಒಳಗೆ ಇನ್ಸುಲೇಶನ್ ಎರಡು ಪದರ ಇದೆ, ಅರ್ಥಿಂಗ್ ಬೇಕಿಲ್ಲ ಎಂದು ಅದರ ಅರ್ಥ. ಇದನ್ನು ನೆನಪಿಟ್ಟುಕೊಳ್ಳಿ, ಪ್ಲಗ್ ನೋಡುವಾಗ ಬೇಕಾಗುತ್ತದೆ.

ಮೊದಲು ಮಾಡೆಲ್ ನಂಬರನ್ನು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಹುಡುಕಿ. ಅಂಗಡಿಗಳ ಪುಟದಲ್ಲಿ ಹುಡುಕಬೇಡಿ, ಅಲ್ಲಿ ಡೂಪ್ಲಿಕೇಟಿಗೂ ಪುಟ ಇರುತ್ತದೆ. ಹಳೆಯ ಮಾಡೆಲ್ ಆಗಿದ್ದರೆ ಅದರ ಮ್ಯಾನುಯಲ್ ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಪ್ಲೇಟಿನ ವ್ಯಾಟ್ ಮತ್ತು ಮ್ಯಾನುಯಲ್ಲಿನ ವ್ಯಾಟ್ ಒಂದೇ ಇರಬೇಕು.

ಆಮೇಲೆ ವೋಲ್ಟೇಜ್. ನಮ್ಮ ಮನೆಯ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಪ್ಲೇಟಿನಲ್ಲಿ 230 ಎಂದೋ 220–240 ಎಂದೋ ಇದ್ದರೆ ಸರಿ. ಆದರೆ ಮಿಕ್ಸಿ, ಕೆಟಲ್, ಇಸ್ತ್ರಿ ಪೆಟ್ಟಿಗೆಯ ಮೇಲೆ 110–240 ಎಂದು ಬರೆದು, ಒಂದೇ ವ್ಯಾಟ್ ಹಾಕಿದ್ದರೆ ಅನುಮಾನ ಪಡಿ. ಕೆಟಲಿನ ಒಳಗಿರುವುದು ಬರೀ ಕಾಯಿಲ್. ವೋಲ್ಟೇಜ್ ಅರ್ಧಕ್ಕೆ ಇಳಿದರೆ ಅದರ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. 230 ವೋಲ್ಟಿನಲ್ಲಿ 1500 ವ್ಯಾಟ್ ಎಳೆಯುವ ಕೆಟಲ್ 115 ವೋಲ್ಟಿನಲ್ಲಿ 375 ವ್ಯಾಟ್ ಮಾತ್ರ ಎಳೆದೀತು. ಎರಡೂ ಕಡೆ 1500 ಎಂದು ಬರೆಯಲು ಆಗುವುದೇ ಇಲ್ಲ. ಇದನ್ನು ಬರೆದವರು ಯಾವುದೋ ಅಡಾಪ್ಟರಿನ ಪ್ಲೇಟ್ ನೋಡಿ ಬರೆದಿದ್ದಾರೆ ಎಂದೇ ಅರ್ಥ. ಅಡಾಪ್ಟರಿನಲ್ಲಿ 100–240 ಎಂದಿದ್ದರೆ ಅದು ಸಹಜ. ಅದರೊಳಗಿನ ಸರ್ಕ್ಯೂಟ್ ಯಾವ ವೋಲ್ಟೇಜ್ ಬಂದರೂ ಹೊಂದಿಸಿಕೊಳ್ಳುತ್ತದೆ.

ಟ್ರಿಮ್ಮರ್ ಆದರೆ ಓದಬೇಕಾದ ಪ್ಲೇಟ್ ಎರಡು: ಟ್ರಿಮ್ಮರ್‌ನದ್ದು, ಅಡಾಪ್ಟರಿನದ್ದು. ಅಡಾಪ್ಟರ್ ಹೊರಗೆ ಕೊಡುವ ವೋಲ್ಟೇಜ್ ಟ್ರಿಮ್ಮರ್ ಕೇಳುವ ವೋಲ್ಟೇಜಿಗೆ ಸಮ ಇರಬೇಕು. ಟ್ರಿಮ್ಮರ್ ಮೇಲೆ 15 ವೋಲ್ಟ್ ಎಂದಿದ್ದು ಅಡಾಪ್ಟರ್ 5 ವೋಲ್ಟಿನದ್ದಾದರೆ ಅವೆರಡೂ ಒಂದೇ ಡಬ್ಬಿಯಲ್ಲಿ ಹುಟ್ಟಿದವಲ್ಲ. ಮೇಲಿನ ಚಿಪ್ಪು ಒಂದು ಕಂಪನಿಯ ಮಾಡೆಲ್ ನೋಡಿ ಮಾಡಿದ್ದು, ಒಳಗಿರುವುದು ಬೇರೆ. ಅಕ್ಷರ ಮಾತ್ರ ಮೂಲದಿಂದ ಹಾಗೇ ಇಳಿಸಿಕೊಂಡಿದ್ದಾರೆ. ಡೂಪ್ಲಿಕೇಟ್ ಟ್ರಿಮ್ಮರ್‌ಗಳಲ್ಲಿ ಈ ತಪ್ಪು ಜಾಸ್ತಿ. ಮೊದಲು ಇದನ್ನೇ ನೋಡಿ. ಈಚಿನ ಕೆಲವು ಟ್ರಿಮ್ಮರ್ ಬರೀ ಯುಎಸ್‌ಬಿ ಕೇಬಲ್ ಜೊತೆ ಬರುತ್ತವೆ, ಅಡಾಪ್ಟರ್ ಇರುವುದಿಲ್ಲ. ಅವಕ್ಕೆ ಈ ಪರೀಕ್ಷೆ ನಡೆಯದು.

ಇನ್ನು ಐಎಸ್‌ಐ ಗುರುತು. ಅದರ ನೆತ್ತಿಯ ಮೇಲೆ ಸ್ಟ್ಯಾಂಡರ್ಡ್‌ನ ನಂಬರ್ ಇರುತ್ತದೆ, ಕೆಳಗೆ ಲೈಸೆನ್ಸ್ ನಂಬರ್. ಮನೆ ಮಿಕ್ಸಿಯದ್ದಾದರೆ ಹೀಗೆ ಕಾಣುತ್ತದೆ:

```
IS 4250
(ಐಎಸ್‌ಐ ಗುರುತು)
CM/L-xxxxxxxxxx
```

ಈ `CM/L` ನಂಬರನ್ನು ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್‌ನವರ `BIS Care` ಆ್ಯಪಿನಲ್ಲಿ `Verify Licence Details` ಒತ್ತಿ ಹಾಕಿ. ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಯಾವ ವಸ್ತುವಿಗೆ, ಈಗ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಅಡಾಪ್ಟರ್‌ಗಳಿಗೆ ಬೇರೆ ಪದ್ಧತಿ. ಅವುಗಳ ಮೇಲೆ `R-` ಎಂದು ಶುರುವಾಗಿ ಎಂಟು ಅಂಕಿಯ ನಂಬರ್ ಇರುತ್ತದೆ. ಅದೇ ಆ್ಯಪಿನಲ್ಲಿ ಇದನ್ನು ನೋಡಲು ಬೇರೆ ಬಟನ್ ಇದೆ.

ಇಲ್ಲಿ ಇಬ್ಬಗೆಯ ತಪ್ಪು ಆಗಬಹುದು. ಲೈಸೆನ್ಸ್ ಬ್ರ್ಯಾಂಡಿನ ಹೆಸರಿನಲ್ಲಿ ಇಲ್ಲ ಎಂದ ಮಾತ್ರಕ್ಕೆ ಡೂಪ್ಲಿಕೇಟ್ ಎನ್ನಬೇಡಿ. ಎಷ್ಟೋ ದೊಡ್ಡ ಬ್ರ್ಯಾಂಡುಗಳ ಮಾಲನ್ನು ಬೇರೆ ಫ್ಯಾಕ್ಟರಿಯವರು ಮಾಡಿಕೊಡುತ್ತಾರೆ, ಲೈಸೆನ್ಸ್ ಆ ಫ್ಯಾಕ್ಟರಿಯದ್ದು. ಪ್ಲೇಟ್ ಅಥವಾ ಡಬ್ಬಿಯ ಮೇಲೆ ತಯಾರಕರ ಹೆಸರು ಯಾವುದಿದೆಯೋ ಅದು ತಾಳೆಯಾದರೆ ಸಾಕು. ಹಾಗೇ ನಂಬರ್ ಸರಿಯಾಗಿದೆ ಎಂದ ಮಾತ್ರಕ್ಕೆ ಒರಿಜಿನಲ್ ಎಂದೂ ಅಲ್ಲ. ಒರಿಜಿನಲ್ ಮಿಕ್ಸಿಯ ನಂಬರ್ ನೋಡಿ ಬರೆದುಕೊಳ್ಳುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ. ನಂಬರ್ ತಪ್ಪಾಗಿದ್ದರೆ ಅದು ಗಟ್ಟಿ ಸಾಕ್ಷಿ. ಸರಿಯಾಗಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು, ಅಷ್ಟೇ.

ಸೀರಿಯಲ್ ನಂಬರನ್ನೂ ಗೂಗಲ್‌ನಲ್ಲಿ ಹಾಕಿ ನೋಡಿ. ನಕಲಿ ಸ್ಟಿಕರ್ ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಮುದ್ರಿಸಿರುತ್ತಾರೆ, ಸೀರಿಯಲ್ ಬದಲಾಗುವುದೇ ಇಲ್ಲ. ಬೇರೆ ಊರಿನ ಬೇರೆ ಜಾಹೀರಾತಿನಲ್ಲಿ ಅದೇ ನಂಬರ್ ಕಂಡರೆ ಅಲ್ಲಿಗೆ ಮುಗಿಯಿತು. ಕೆಲವು ಕಂಪನಿಗಳು ತಯಾರಿಕೆಯ ದಿನವನ್ನು ನಾಲ್ಕು ಅಂಕಿಯಲ್ಲಿ ಹಾಕುತ್ತವೆ, ಮೊದಲೆರಡು ವರ್ಷ, ಕೊನೆಯೆರಡು ವಾರ. ನಿಮ್ಮ ಕಂಪನಿಯ ಪದ್ಧತಿ ಅದೇ ಆಗಿದ್ದು ಕೊನೆಯಲ್ಲಿ 67 ಎಂದಿದ್ದರೆ ಅಂಥ ವಾರ ಯಾವ ವರ್ಷದಲ್ಲೂ ಇಲ್ಲ.

ಒಂದು ತಪ್ಪು ನಂಬಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. `CE` ಗುರುತಿನ ಎರಡು ಅಕ್ಷರ ಹತ್ತಿರ ಇದ್ದರೆ ಅದು "ಚೈನಾ ಎಕ್ಸ್‌ಪೋರ್ಟ್" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹಾಗೊಂದು ಗುರುತೇ ಇಲ್ಲ. `CE` ಯುರೋಪಿನ ಮಾರುಕಟ್ಟೆಯದ್ದು. ಬಹುಪಾಲು ತಯಾರಕರು ತಾವೇ ಘೋಷಿಸಿ ಹಾಕಿಕೊಳ್ಳುವಂಥದ್ದು. ಅಕ್ಷರದ ನಡುವಿನ ಅಂತರ ಅಳೆಯುತ್ತ ಕೂರಬೇಡಿ, ಅದರಿಂದ ನಮಗೆ ಏನೂ ತಿಳಿಯದು.

ಅಚ್ಚಿನ ಗೆರೆ ನೋಡುವುದು

ಪ್ಲಾಸ್ಟಿಕ್ ಮೈ ತಯಾರಾಗುವುದು ಉಕ್ಕಿನ ಅಚ್ಚಿನಲ್ಲಿ. ಅಚ್ಚಿನ ಎರಡು ಹೋಳು ಕೂಡುವ ಕಡೆ ಪ್ಲಾಸ್ಟಿಕ್ಕಿನ ಮೇಲೆ ಸಣ್ಣ ಗೆರೆ ಉಳಿಯುತ್ತದೆ. ಗೆರೆ ಇಲ್ಲದ ಅಚ್ಚು ಇಲ್ಲ. ಹಾಗಾಗಿ ಗೆರೆ ಇದೆ ಎಂಬುದು ತಪ್ಪೇನಲ್ಲ. ಅದು ಎಲ್ಲಿದೆ, ಹೇಗಿದೆ ಎಂಬುದು ಮುಖ್ಯ.

ಒಳ್ಳೆಯ ಅಚ್ಚು ಮಾಡುವವರು ಗೆರೆಯನ್ನು ಅಂಚಿನಲ್ಲೋ ಬೇರೆ ಭಾಗದ ಕೆಳಗೋ ಅಡಗಿಸುತ್ತಾರೆ. ಅಗ್ಗದ ಅಚ್ಚಿನಲ್ಲಿ ಗೆರೆ ಎದುರಿಗೇ ಹಾದುಹೋಗುತ್ತದೆ. ಓರೆ ಬೆಳಕಿನ ಫೋಟೋದಲ್ಲಿ ಗೆರೆಯ ಒಂದು ಕಡೆ ಮಾತ್ರ ದಪ್ಪ ನೆರಳು ಕಂಡರೆ ಹೋಳುಗಳು ಸರಿಯಾಗಿ ಕೂಡಿಲ್ಲ, ಮೆಟ್ಟಿಲು ಬಿದ್ದಿದೆ ಎಂದರ್ಥ. ಗೆರೆಗುಂಟ ತೆಳ್ಳಗಿನ ಪೊರೆಯಂಥ ಪ್ಲಾಸ್ಟಿಕ್ ಹೊರಚಾಚಿದ್ದರೆ ಅಚ್ಚು ಸವೆದಿದೆ, ಕರಗಿದ ಪ್ಲಾಸ್ಟಿಕ್ ಸಂದಿಯಿಂದ ಹೊರಗೆ ಸೋರಿದೆ. ಮೈಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ನೇರ ಗೆರೆಯಾಗಿ ಇರಬೇಕಾದ್ದು ಅಲ್ಲಲ್ಲಿ ಸೊಟ್ಟಗಾಗಿದ್ದರೆ ಒಳಗಿನ ಸ್ಕ್ರೂ ಕಂಬಗಳ ಎದುರಿಗೆ ಪ್ಲಾಸ್ಟಿಕ್ ಆರುವಾಗ ಕುಗ್ಗಿ ತಗ್ಗಾಗಿದೆ.

ಆದರೆ ಇವೆಲ್ಲ ತಯಾರಿಕೆಯ ಗುಣಮಟ್ಟ ಹೇಳುತ್ತವೆ, ಯಾರು ತಯಾರಿಸಿದರು ಎಂದು ಹೇಳುವುದಿಲ್ಲ. ದೊಡ್ಡ ಕಂಪನಿಯ ತೀರಾ ಅಗ್ಗದ ಮಾಡೆಲಿನಲ್ಲೂ ತಳ ಒರಟಾಗಿರಬಹುದು. ಹೆಚ್ಚು ನಂಬಬಹುದಾದ ಸಾಕ್ಷಿ ಬೇರೆ ಇದೆ: ಎಣಿಕೆ.

ಅದೇ ಮಾಡೆಲಿನ ತಳದ ಫೋಟೋವನ್ನು ಒಬ್ಬ ನಂಬಿಗಸ್ಥರಿಂದ ತರಿಸಿಕೊಳ್ಳಿ. ಮನೆಯಲ್ಲಿ ಅದೇ ಮಿಕ್ಸಿ ಇಟ್ಟುಕೊಂಡ ನೆಂಟರೋ, ಕಂಪನಿಯ ಶೋರೂಮಿನಲ್ಲಿ ಕೇಳಿ ತೆಗೆದದ್ದೋ ಆಗಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ಗಾಳಿ ಕಿಂಡಿಗಳನ್ನು ಎಣಿಸಿ. ಸ್ಕ್ರೂ ಎಷ್ಟು, ಯಾವ ಜಾಗದಲ್ಲಿ? ರಬ್ಬರ್ ಕಾಲಿನ ಆಕಾರ ಒಂದೇ ಇದೆಯೇ? ತಳದಲ್ಲಿ ಒಂದು ಸಣ್ಣ ದುಂಡಗಿನ ಮಚ್ಚೆ ಇರುತ್ತದೆ, ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹೊಕ್ಕ ಜಾಗ ಅದು. ಅದು ಎಲ್ಲಿದೆ? ಹೊರಗಿನ ಆಕಾರ ನೋಡಿ ಅಚ್ಚು ಕೆತ್ತುವವರು ಅಂದವನ್ನು ನಕಲು ಮಾಡುತ್ತಾರೆ. ಪ್ಲಾಸ್ಟಿಕ್ ಎಲ್ಲಿಂದ ಹೊಗಿಸಬೇಕು, ಮೋಟಾರನ್ನು ಯಾವ ಸ್ಕ್ರೂಗೆ ಕಟ್ಟಬೇಕು ಎಂಬುದನ್ನು ತಮ್ಮ ಬಳಿ ಇರುವ ಮೆಷೀನು, ಮೋಟಾರು ನೋಡಿಕೊಂಡು ಮಾಡುತ್ತಾರೆ. ಮಚ್ಚೆಯೊಂದೇ ಬೇರೆ ಕಡೆ ಇದ್ದರೆ ತಕರಾರು ಮಾಡಬೇಡಿ, ಕಂಪನಿಯವರೂ ಎರಡು ಅಚ್ಚು ಇಟ್ಟುಕೊಂಡಿರಬಹುದು. ಸ್ಕ್ರೂ, ಕಿಂಡಿ, ಮಚ್ಚೆ ಮೂರೂ ಬೇರೆಯಾದರೆ ಮೈ ಬೇರೆಯೇ.

ತಳದಲ್ಲಿ ಕೆಲವೊಮ್ಮೆ ಗಡಿಯಾರದಂಥ ಸಣ್ಣ ವೃತ್ತ ಕಾಣುತ್ತದೆ. ಸುತ್ತ 1ರಿಂದ 12, ನಡುವೆ ಬಾಣ, ಬಾಣದ ಅಕ್ಕಪಕ್ಕ ವರ್ಷದ ಎರಡು ಅಂಕಿ. ಆ ಭಾಗ ಅಚ್ಚಿನಿಂದ ಹೊರಬಂದ ತಿಂಗಳು ಅದು. ಪ್ಲೇಟಿನ ತಾರೀಖಿನ ಜೊತೆ ಹೋಲಿಸಿ. ಭಾಗ ಮೊದಲು ಆಗಬೇಕು, ಮಿಕ್ಸಿ ಆಮೇಲೆ. ಗಡಿಯಾರ 2024ರ ಮೇ ತೋರಿಸಿ, ಪ್ಲೇಟ್ 2023ರ ಜನವರಿ ಎಂದರೆ ಸ್ಟಿಕರ್ ಎಲ್ಲಿಂದಲೋ ಬಂದದ್ದು.

ಟ್ರಿಮ್ಮರ್‌ನಲ್ಲಿ ನೋಡಬೇಕಾದ ಜಾಗ ಹಿಡಿಯ ರಬ್ಬರ್ ಪಟ್ಟಿ. ಒರಿಜಿನಲ್‌ನಲ್ಲಿ ಮೆತ್ತನೆಯ ರಬ್ಬರನ್ನು ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಎರಡನೇ ಸಲ ಎರಕ ಹೊಯ್ದಿರುತ್ತಾರೆ. ರಬ್ಬರ್ ಮುಗಿಯುವ ಕಡೆ ಸಣ್ಣ ಕಾಲುವೆಯಂಥ ತಗ್ಗು ಇದ್ದು ಅಂಚು ಚಾಕುವಿನಿಂದ ಕತ್ತರಿಸಿದಷ್ಟು ಚೊಕ್ಕವಾಗಿರುತ್ತದೆ. ನಕಲಿಯಲ್ಲಿ ಆ ಜಾಗಕ್ಕೆ ಕಪ್ಪು ಮ್ಯಾಟ್ ಬಣ್ಣ ಹೊಡೆದಿರುತ್ತಾರೆ, ಅಥವಾ ಪಟ್ಟಿ ಅಂಟಿಸಿರುತ್ತಾರೆ. ಫೋಟೋ ದೊಡ್ಡದು ಮಾಡಿದರೆ ಬಣ್ಣದ ಅಂಚು ಮಸುಕಾಗಿ ಹರಡಿದ್ದು ಕಾಣುತ್ತದೆ. ಅಂಟಿಸಿದ ಪಟ್ಟಿಯ ಮೂಲೆಯಲ್ಲಿ ಗೋಂದು ಹೊಳೆಯುತ್ತದೆ. ಎರಡು ಸಲ ಎರಕ ಹೊಯ್ಯುವುದಕ್ಕೆ ಖರ್ಚು ಜಾಸ್ತಿ. ನಕಲು ಮಾಡುವವರು ಅದನ್ನು ಬಿಡುವುದು ಆ ಕಾರಣಕ್ಕೇ.

ಪ್ಲಗ್ ಮತ್ತು ಹತ್ತು ರೂಪಾಯಿ ನಾಣ್ಯ

ನಮ್ಮ ಮೂರು ಪಿನ್ ಪ್ಲಗ್ಗಿನಲ್ಲಿ ಎರಡು ಅಳತೆ: 6 ಆಂಪಿಯರ್, 16 ಆಂಪಿಯರ್. ಎರಡರಲ್ಲೂ ಅರ್ಥ್ ಪಿನ್ ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಸಾಕೆಟ್ಟಿಗೆ ಮೊದಲು ಅರ್ಥಿಂಗ್ ಮುಟ್ಟಲಿ ಎಂದೇ ಹಾಗೆ. ಫೋಟೋದಲ್ಲಿ ಮೂರೂ ಒಂದೇ ದಪ್ಪ ಕಂಡರೆ ಆ ಪ್ಲಗ್ ಯಾವ ಬ್ರ್ಯಾಂಡಿನದ್ದಾದರೂ ಬೇಡ.

ಫೋಟೋದಲ್ಲಿ ಪ್ಲಗ್ ಒಂದೇ ಇದ್ದರೆ ಯಾವ ಅಳತೆಯದ್ದು ಎಂದು ತಿಳಿಯದು. ನಾಣ್ಯ ಬೇಕಾಗುವುದು ಇಲ್ಲಿ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. 6 ಆಂಪಿಯರ್ ಪ್ಲಗ್ಗಿನಲ್ಲಿ ಕೆಳಗಿನ ಎರಡು ಪಿನ್ನುಗಳ ನಡುವಿಂದ ನಡುವಿಗೆ ಸುಮಾರು 19 ಮಿಲಿಮೀಟರ್, 16 ಆಂಪಿಯರ್ ಪ್ಲಗ್ಗಿನಲ್ಲಿ 25ಕ್ಕೆ ಸ್ವಲ್ಪ ಜಾಸ್ತಿ. ಅಂದರೆ ಆ ಅಂತರ ನಾಣ್ಯದ ಅಗಲಕ್ಕೆ ಹತ್ತಿರ ಹತ್ತಿರ ಸಮ ಕಂಡರೆ 16, ಮುಕ್ಕಾಲಿಗಿಂತ ಕಡಿಮೆ ಕಂಡರೆ 6. ನಾಣ್ಯವನ್ನು ಪಿನ್ನಿನ ಮಟ್ಟದಲ್ಲೇ ಇಡಬೇಕು, ದೂರ ಹತ್ತಿರ ಆದರೆ ಲೆಕ್ಕ ತಪ್ಪುತ್ತದೆ.

ಈಗ ಪ್ಲೇಟಿಗೆ ವಾಪಸ್ ಬನ್ನಿ. ವ್ಯಾಟನ್ನು 230ರಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಗೊತ್ತಾಗುತ್ತದೆ. 750 ವ್ಯಾಟ್ ಮಿಕ್ಸಿ 3.3 ಆಂಪಿಯರ್ ಎಳೆಯುತ್ತದೆ, 6ರ ಪ್ಲಗ್ ಸರಿ. 2000 ವ್ಯಾಟ್ ಇಂಡಕ್ಷನ್ ಒಲೆ 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 6ರ ಪ್ಲಗ್ ಹಾಕಿದ್ದರೆ ಎರಡರಲ್ಲಿ ಒಂದು ಸುಳ್ಳು. ಒಂದೋ ಒಲೆ 2000 ವ್ಯಾಟ್‌ನದ್ದಲ್ಲ, ಇಲ್ಲವೇ ಪ್ಲಗ್ ಕಾದು ಕರಗುವಂಥದ್ದು. 6 ಆಂಪಿಯರ್ ಪ್ಲಗ್ಗಿನ ಮಿತಿ ಸುಮಾರು 1380 ವ್ಯಾಟ್. ಅದರ ಆಸುಪಾಸಿನಲ್ಲಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 1800, 2000 ಎಂದಾಗ ಬಿಡುವುದಿಲ್ಲ.

ಎರಡು ಚೌಕದ ಗುರುತನ್ನು ನೆನಪಿಡಿ ಎಂದಿದ್ದೆ. ಎರಡು ಪಿನ್ನಿನ ಪ್ಲಗ್ ಇರುವ ಉಪಕರಣದ ಪ್ಲೇಟಿನಲ್ಲಿ ಆ ಗುರುತು ಇರಲೇಬೇಕು. ಸ್ಟೀಲ್ ಮೈಯ ಮಿಕ್ಸಿ ಅಥವಾ ಕೆಟಲಿಗೆ ಎರಡು ಪಿನ್ ಇದ್ದು, ಪ್ಲೇಟಿನಲ್ಲಿ ಚೌಕ ಇಲ್ಲದಿದ್ದರೆ ಅದು ಒರಿಜಿನಲ್ಲೋ ಡೂಪ್ಲಿಕೇಟೋ ಎಂಬ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ಇದೆ. ಒಳಗಿನ ವೈರು ಸುಲಿದು ಮೈಗೆ ತಾಗಿದರೆ ಕರೆಂಟ್ ಹೋಗಲು ನಿಮ್ಮ ಕೈ ಬಿಟ್ಟು ಬೇರೆ ದಾರಿ ಇಲ್ಲ. ಒದ್ದೆ ಕೈಯಲ್ಲಿ ಮುಟ್ಟುವ ಅಡುಗೆಮನೆಯ ಸಾಮಾನು ಅದು.

ಪ್ಲಗ್ಗಿನ ಮುಖದ ಮೇಲೂ ಅದರದ್ದೇ ಐಎಸ್‌ಐ ಗುರುತು, `IS 1293` ಎಂಬ ನಂಬರ್, ಬೇರೆ `CM/L` ಇರುತ್ತದೆ. ಅಲ್ಲಿರುವ ಕಂಪನಿಯ ಹೆಸರು ಮಿಕ್ಸಿಯ ಬ್ರ್ಯಾಂಡ್ ಆಗಿರಬೇಕಿಲ್ಲ. ಪ್ಲಗ್ ಸಮೇತ ವೈರು ಮಾಡುವವರು ಬೇರೆಯೇ ಇದ್ದಾರೆ, ಎಷ್ಟೋ ಬ್ರ್ಯಾಂಡಿನವರು ಅವರಿಂದ ಕೊಳ್ಳುತ್ತಾರೆ. ವೈರಿನ ಮೈಮೇಲೂ ಅಕ್ಷರ ಉಬ್ಬಿಸಿರುತ್ತಾರೆ ಅಥವಾ ಮುದ್ರಿಸಿರುತ್ತಾರೆ. ಪೂರ್ತಿ ಬೋಳು ವೈರು, ಏನೂ ಬರೆಯದ ಪ್ಲಗ್ ಎರಡೂ ಒಟ್ಟಿಗೆ ಕಂಡರೆ ಒಳ್ಳೆಯ ಲಕ್ಷಣ ಅಲ್ಲ. ವೈರು ಪ್ಲಗ್ಗಿನೊಳಗೆ ಹೋಗುವ ಕಡೆ ಬಳುಕುವ ಉಂಗುರ ಉಂಗುರದ ಕುತ್ತಿಗೆ ಇದೆಯೇ ನೋಡಿ. ಅದು ಇಲ್ಲದಿದ್ದರೆ ವೈರು ಅಲ್ಲೇ ಮಡಚಿ ಮಡಚಿ ಒಳಗೆ ತುಂಡಾಗುತ್ತದೆ.

ಚಪ್ಪಟೆ ಪಿನ್ನಿನ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ ಕೊಡುವ ಮಾಲೂ ಬರುತ್ತದೆ. ಅದು ಡೂಪ್ಲಿಕೇಟ್ ಆಗಿರಲೇಬೇಕೆಂದಿಲ್ಲ. ಹೊರದೇಶದ ಮಾರುಕಟ್ಟೆಗೆ ಮಾಡಿದ ಒರಿಜಿನಲ್ಲೇ ಇಲ್ಲಿಗೆ ಬಂದಿರಬಹುದು. ಪ್ಲೇಟಿನಲ್ಲಿ 120 ವೋಲ್ಟ್ ಎಂದಿದ್ದರೆ ಬರೀ ಕನ್ವರ್ಟರ್ ಹಾಕಿ ನಮ್ಮ ಸಾಕೆಟ್ಟಿಗೆ ಚುಚ್ಚಿದ ಕ್ಷಣ ಸುಡುತ್ತದೆ. 220 ಇದ್ದರೆ ಓಡುತ್ತದೆ, ಆದರೆ ಇಲ್ಲಿನ ಸರ್ವೀಸ್ ಸೆಂಟರಿನವರು ವಾರಂಟಿ ಕೊಡದೆ ಹೋಗಬಹುದು. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹೇಳಿ ಕೇಳಿಬಿಡಿ.

ಒಂದು ಮಿಕ್ಸಿಯ ಕಥೆ

ದಾವಣಗೆರೆಯ ಪರಿಚಿತರೊಬ್ಬರು ಒಂದು ಹೆಸರಾಂತ ಬ್ರ್ಯಾಂಡಿನ ಮಿಕ್ಸಿಯ ಫೋಟೋ ಕಳಿಸಿ, "ಅಂಗಡಿ ರೇಟಿನ ಅರ್ಧಕ್ಕೆ ಸಿಕ್ತಿದೆ, ತಗೊಳ್ಳಲಾ ಅಣ್ಣಾ?" ಎಂದು ಕೇಳಿದರು. ಮಾರುವವರು ಸೀಲ್ ಒಡೆದ ಡಬ್ಬಿ, ಬಳಸಿಲ್ಲ ಎಂದಿದ್ದರಂತೆ. ಮುಂದಿನಿಂದ ನೋಡಿದರೆ ನನಗೂ ಏನೂ ತಪ್ಪು ಕಾಣಲಿಲ್ಲ. ನಾಲ್ಕು ಫೋಟೋ ತರಿಸಿ ಎಂದೆ.

ಪ್ಲೇಟಿನಲ್ಲಿ 750 ವ್ಯಾಟ್, 230 ವೋಲ್ಟ್ ಎಂದಿತ್ತು. ಮಾಡೆಲ್ ನಂಬರ್ ಕಂಪನಿಯ ಪುಟದಲ್ಲಿ ಸಿಕ್ಕಿತು, ವ್ಯಾಟ್ ಕೂಡ ತಾಳೆಯಾಯಿತು. ಪ್ಲಗ್ 6 ಆಂಪಿಯರ್‌ನದ್ದು, ಅದೂ ಸರಿ. ಅಲ್ಲಿಗೆ ನಿಲ್ಲಿಸಿದ್ದರೆ ಒರಿಜಿನಲ್ ಎಂದೇ ಹೇಳಬೇಕಿತ್ತು.

ಐಎಸ್‌ಐ ಗುರುತಿನ ನೆತ್ತಿಯ ಮೇಲೆ `IS 4250` ಸರಿಯಾಗಿಯೇ ಇತ್ತು. ಕೆಳಗಿನ ಲೈಸೆನ್ಸ್ ನಂಬರನ್ನು ಆ್ಯಪಿನಲ್ಲಿ ಹಾಕಿದರೆ ಒಂದು ವೈರು ಕಂಪನಿಯ ಹೆಸರು ಬಂತು. ಲೈಸೆನ್ಸ್ ಚಾಲ್ತಿಯಲ್ಲಿತ್ತು, ಆದರೆ ಅದು ಪಿವಿಸಿ ವೈರಿಗೆ ಕೊಟ್ಟದ್ದು. ಆಮೇಲೆ ನಾಲ್ಕನೇ ಫೋಟೋವನ್ನು ದೊಡ್ಡದು ಮಾಡಿದೆ. ಮಿಕ್ಸಿಯ ವೈರಿನ ಮೇಲೆ ಉಬ್ಬಿದ ಅಕ್ಷರದಲ್ಲಿ ಇದ್ದದ್ದೂ ಅದೇ ನಂಬರ್. ಪ್ಲೇಟ್ ಬರೆದವರಿಗೆ ಒಂದು ಲೈಸೆನ್ಸ್ ನಂಬರ್ ಬೇಕಿತ್ತು. ಕಣ್ಣೆದುರಿಗೆ ಇದ್ದ ವೈರಿನಿಂದ ಎತ್ತಿಕೊಂಡಿದ್ದರು.

ತಳದ ಫೋಟೋ ಉಳಿದದ್ದನ್ನು ಹೇಳಿತು. ಅವರ ಅಕ್ಕನ ಮನೆಯಲ್ಲಿ ಅದೇ ಮಾಡೆಲ್ ಇತ್ತು, ಅದನ್ನೂ ಮಗುಚಿ ಫೋಟೋ ತೆಗೆಸಿದೆವು. ಅಕ್ಕನ ಮಿಕ್ಸಿಯ ಕಿಂಡಿಗಳು ಮೋಟಾರಿನ ಸುತ್ತ ಬಿಲ್ಲಿನಂತೆ ಬಾಗಿದ್ದವು. ಇದರಲ್ಲಿ ನೇರ ಸಾಲು, ಎಣಿಕೆಯೂ ಕಡಿಮೆ. ಸ್ಕ್ರೂ ಅಲ್ಲಿ ನಾಲ್ಕು, ಇಲ್ಲಿ ಮೂರು. ಮೇಲಿನ ಮೈ ಎಷ್ಟು ಒಂದೇ ಥರ ಇತ್ತೋ ತಳ ಅಷ್ಟೇ ಬೇರೆ. ಗಾಳಿ ಕಿಂಡಿ ಕಡಿಮೆಯಾದರೆ ಅದು ಬರೀ ಅಂದದ ವಿಷಯ ಅಲ್ಲ. ದೋಸೆಗೆ ನೆನೆಸಿದ ಅಕ್ಕಿ ರುಬ್ಬುವಾಗ ಮೋಟಾರ್ ಕಾಯುತ್ತದೆ, ಬಿಸಿಗಾಳಿ ಹೋಗಲು ಜಾಗ ಬೇಕು.

ಲೈಸೆನ್ಸ್ ನಂಬರ್ ಬೇರೆ ವಸ್ತುವಿನದ್ದು, ಮೈಯ ಅಚ್ಚು ಬೇರೆ. ಎರಡು ಬೇರೆ ಬೇರೆ ಜಾಗದಲ್ಲಿ ಸುಳ್ಳು ಸಿಕ್ಕ ಮೇಲೆ ನಾನು ಬೇಡ ಎಂದೆ. ಒಂದೇ ಒಂದು ಕಡೆ ಅನುಮಾನ ಇದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಸೀರಿಯಲ್ ನಂಬರ್ ಕೊಟ್ಟು ಕೇಳಿ. ಎರಡು ಕಡೆ ಸಿಕ್ಕರೆ ಕೇಳುವುದೂ ಬೇಕಿಲ್ಲ.

ಫೋಟೋ ಹೇಳದ್ದು, ಮಾಲು ಕೈಗೆ ಬಂದ ಮೇಲೆ

ಮೋಟಾರಿನ ಸುತ್ತು ತಾಮ್ರದ್ದೋ ಅಲ್ಯೂಮಿನಿಯಂದೋ ಫೋಟೋದಲ್ಲಿ ಕಾಣುವುದಿಲ್ಲ. ಅದಕ್ಕೊಂದು ಅಡ್ಡದಾರಿ ಇದೆ. ಮ್ಯಾನುಯಲ್‌ನಲ್ಲೋ ಕಂಪನಿಯ ಪುಟದಲ್ಲೋ ತೂಕ ಕೊಟ್ಟಿರುತ್ತಾರೆ. ಜಾರ್ ಇಲ್ಲದ ತೂಕವೋ ಸಮೇತ ತೂಕವೋ ನೋಡಿಕೊಂಡು, ಮಿಕ್ಸಿಯನ್ನು ತಕ್ಕಡಿಯ ಮೇಲಿಟ್ಟ ಫೋಟೋ ಕೇಳಿ. ಅಲ್ಯೂಮಿನಿಯಂ ತಾಮ್ರಕ್ಕಿಂತ ತುಂಬಾ ಹಗುರ. ಅರ್ಧ ಕಿಲೋದಷ್ಟು ಕಮ್ಮಿ ಬಂದರೆ ಒಳಗೆ ಏನೋ ಕಡಿಮೆ ಹಾಕಿದ್ದಾರೆ.

ಆನ್‌ಲೈನ್‌ನಲ್ಲಿ ಆಗಲೇ ಕೊಂಡಿದ್ದರೆ ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ಪ್ಲಗ್ ಚುಚ್ಚುವ ಮೊದಲೇ ಮೇಲಿನ ನಾಲ್ಕು ಜಾಗ ನೋಡಿ. ಪ್ಲೇಟನ್ನು ಒದ್ದೆ ಬಟ್ಟೆಯಿಂದ ಹದಿನೈದು ಸೆಕೆಂಡ್ ಉಜ್ಜಿ. ಸುರಕ್ಷತಾ ಸ್ಟ್ಯಾಂಡರ್ಡಿನಲ್ಲಿ ಇರುವ ಪರೀಕ್ಷೆಯ ಅರ್ಧ ಭಾಗ ಇದು, ಇನ್ನರ್ಧದಲ್ಲಿ ಪೆಟ್ರೋಲಿಯಂ ದ್ರಾವಕ ಬಳಸುತ್ತಾರೆ, ಅದನ್ನು ಮನೆಯಲ್ಲಿ ಮಾಡಬೇಡಿ. ಬರೀ ನೀರಿಗೇ ಅಕ್ಷರ ಅಳಿಸಿದರೆ ಅಥವಾ ಸ್ಟಿಕರಿನ ಮೂಲೆ ಎದ್ದರೆ ಅದು ಆ ಪರೀಕ್ಷೆ ದಾಟಿದ ಪ್ಲೇಟ್ ಅಲ್ಲ. ಉಜ್ಜುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಸಾಕ್ಷಿಯೇ ಹೋಗುತ್ತದೆ.

ಡಬ್ಬಿಯನ್ನೂ ಎಸೆಯಬೇಡಿ. ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಿಂಗಳು ವರ್ಷ, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಅದರ ಮೇಲೆ ಇರಬೇಕು ಎಂದು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಹೇಳುತ್ತದೆ. ಅವು ಇಲ್ಲದಿದ್ದರೆ ದೂರಿಗೆ ಅದೂ ಒಂದು ಅಂಶ. ಹಣ ವಾಪಸ್ ಕೊಡಲು ಮಾರಾಟಗಾರರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಐಎಸ್‌ಐ ಗುರುತನ್ನು ಸುಳ್ಳಾಗಿ ಹಾಕಿದ್ದರೆ `BIS Care` ಆ್ಯಪಿನಲ್ಲೇ ದೂರು ಕೊಡಬಹುದು. ಜೊತೆಗೆ ಪ್ಲೇಟಿನ ಫೋಟೋ, ಲೈಸೆನ್ಸ್ ಹುಡುಕಿದಾಗ ಬಂದ ಪುಟದ ಸ್ಕ್ರೀನ್‌ಶಾಟ್, ಬಿಲ್ಲು ಹಾಕಿ. "ಡೂಪ್ಲಿಕೇಟ್ ಅನಿಸುತ್ತಿದೆ" ಎಂದು ಬರೆಯುವ ಬದಲು, ಈ ನಂಬರ್ ಇಂಥ ವಸ್ತುವಿನದ್ದು, ಅದನ್ನು ಮಿಕ್ಸಿಯ ಮೇಲೆ ಹಾಕಿದ್ದಾರೆ ಎಂದು ಬರೆಯಿರಿ.